ಕೈಸಾಲದ ನೋಟಿಸು: ತಾರೀಖು ತಪ್ಪಿದರೆ ದುಡ್ಡೂ ತಪ್ಪೀತು

ನೆಂಟರಿಗೆ ಕೈಸಾಲ ಕೊಡುವಾಗ ಪತ್ರ ಕೇಳಲು ನಮಗೆ ಸಂಕೋಚ. ಹಣ ವಾಪಸ್ ಬಾರದೆ ವಕೀಲರ ಬಳಿ ಹೋದಾಗ ಅವರು ಮೊದಲು ಕೇಳುವುದು ತಾರೀಖನ್ನೇ. ಕೇಳಿದಾಗ ಕೊಡುವ ಸಾಲವಾದರೂ ಅಷ್ಟೇ, ಕೊಟ್ಟ ದಿನದಿಂದ 3 ವರ್ಷದೊಳಗೆ ದಾವೆ ಹೂಡಬೇಕೆಂದು 1963ರ ಕಾಲಮಿತಿ ಕಾಯಿದೆ ಹೇಳುತ್ತದೆ.

ಒಂದು ಉದಾಹರಣೆ ನೋಡಿ. ಸೋದರಮಾವ 2022ರ ಜೂನ್ 10ರಂದು ಅಳಿಯನ ಖಾತೆಗೆ 3,00,000 ರೂಪಾಯಿ ಹಾಕಿದರು. ಅಳಿಯ 2023ರ ಮಾರ್ಚ್ 5ರಂದು 50,000 ನಗದು ಕೊಟ್ಟ, ಚೀಟಿ ಏನೂ ಇಲ್ಲ. 2023ರ ನವೆಂಬರ್ 20ರಂದು 40,000ಕ್ಕೆ ತನ್ನ ಸಹಿಯ ಚೆಕ್ ಕೊಟ್ಟ, ಅದು ಪಾಸಾಯಿತು. ಆಮೇಲೆ "ನೋಡೋಣ ಮಾವ" ಅನ್ನುವುದೊಂದೇ ಉತ್ತರ.

ಮೂಲ ಲೆಕ್ಕದಲ್ಲಿ ಗಡುವು 2025ರ ಜೂನ್ 10ಕ್ಕೆ ಮುಗಿಯಿತು. ಆದರೆ ಗಡುವಿನೊಳಗೆ ಸಾಲಗಾರ ಒಂದಿಷ್ಟು ತೀರಿಸಿ, ಅದಕ್ಕೆ ಅವನ ಕೈಬರಹವೋ ಸಹಿಯೋ ಇದ್ದರೆ, ಆ ದಿನದಿಂದ ಹೊಸದಾಗಿ 3 ವರ್ಷ ಸಿಗುತ್ತದೆ. ಆ ಚೆಕ್ಕೇ ಮಾವನನ್ನು ಉಳಿಸಿದ್ದು. ಚೀಟಿಯಿಲ್ಲದ ನಗದು ಗಡುವಿಗೆ ನೆರವಾಗದು. ಚೆಕ್ 2025ರ ಜುಲೈನಲ್ಲಿ ಬಂದಿದ್ದರೂ ಅಷ್ಟೇ, ಮುಗಿದ ಗಡುವು ಅದರಿಂದ ಮರಳಿ ಬರುತ್ತಿರಲಿಲ್ಲ.

ಹಾಗೆಂದು ಆ 50,000ವನ್ನು ನೋಟಿಸಿನಲ್ಲಿ ಮುಚ್ಚಿಡಬಾರದು. ಅಳಿಯನ ಬಳಿ ಸಾಕ್ಷಿಯಿದ್ದರೆ ಮಾವನ ಉಳಿದ ಮಾತನ್ನೂ ಕೋರ್ಟು ಅನುಮಾನದಿಂದ ನೋಡುತ್ತದೆ. ಆದ್ದರಿಂದ ನೋಟಿಸಿನ ನಡುಭಾಗ ಸುಮಾರಾಗಿ ಹೀಗಿರಬೇಕು: "ತಾವು ಕೈಸಾಲವಾಗಿ ಪಡೆದ 3,00,000 ರೂ.ಗಳ ಪೈಕಿ 5-3-2023ರಂದು ನಗದಾಗಿ 50,000, 20-11-2023ರಂದು ಚೆಕ್ ಮೂಲಕ 40,000 ಪಾವತಿಸಿರುತ್ತೀರಿ. ಬಾಕಿ 2,10,000 ರೂ.ಗಳನ್ನು ಈ ನೋಟಿಸು ತಲುಪಿದ 15 ದಿನಗಳೊಳಗೆ ಪಾವತಿಸತಕ್ಕದ್ದು."

ಇಲ್ಲಿ "ಕೈಸಾಲವಾಗಿ" ಎಂಬ ಮಾತು ಬಿಟ್ಟುಹೋಗಬಾರದು. ಬ್ಯಾಂಕ್ ಪಾಸ್‌ಬುಕ್ಕು ಹಣ ಹೋದದ್ದನ್ನು ತೋರಿಸೀತು, ಯಾಕೆ ಹೋಯಿತೆಂದು ಹೇಳದು. "ಮನೆ ಕಟ್ಟಲು ಮಾವ ಪ್ರೀತಿಯಿಂದ ಕೊಟ್ಟದ್ದು" ಎನ್ನುವುದು ನೆಂಟರ ಕೇಸುಗಳಲ್ಲಿ ಮಾಮೂಲಿ ಉತ್ತರ. ಸಾಲವೆಂದು ಸಾಬೀತುಪಡಿಸುವ ಹೊಣೆ ಕೊಟ್ಟವರದೇ.

ಬಡ್ಡಿ ಮಾತಾಡಿಕೊಂಡಿರದಿದ್ದರೂ, ನೋಟಿಸಿನಲ್ಲಿ ಬಡ್ಡಿ ಬೇಕೆಂದು ಬರೆದರೆ ಆ ದಿನದಿಂದಾಚೆಗೆ ಬಡ್ಡಿ ಕೊಡಿಸಲು 1978ರ ಬಡ್ಡಿ ಕಾಯಿದೆ ಕೋರ್ಟಿಗೆ ಅವಕಾಶ ಕೊಡುತ್ತದೆ. ಬರೆಯದೆ ಬಿಟ್ಟರೆ ಆ ಅವಧಿಯ ಬಡ್ಡಿ ಕೈತಪ್ಪೀತು.

ನೋಟಿಸು ಕೊಟ್ಟರೆ ಗಡುವು ನಿಲ್ಲುತ್ತದೆಂದು ಹಲವರು ನಂಬಿದ್ದಾರೆ. ನಿಲ್ಲುವುದಿಲ್ಲ. ಅಳಿಯ ಸಹಿ ಹಾಕಿ "ಬಾಕಿ ಇದೆ, ಸಮಯ ಕೊಡಿ" ಎಂದು ಗಡುವಿನೊಳಗೆ ಉತ್ತರ ಬರೆದರೆ ಮಾತ್ರ ಅದು ಹೊಸ ಗಡುವು ತರುತ್ತದೆ. ಅಂಥ ಕಾಗದವೂ ಇಲ್ಲ, ಹಣವೂ ಇಲ್ಲ ಎಂದಾದರೆ ಮಾವ 2026ರ ನವೆಂಬರ್ 20ರೊಳಗೆ ದಾವೆ ಹೂಡಲೇಬೇಕು.