ದಟ್ಟಣೆಯಲ್ಲಿ ಸ್ತಬ್ಧವಾಗುವ ಕಾರು

ಚಾಲಕರಹಿತ ಕಾರು ಸುತ್ತಲಿನವರು ಮುಂದಿನ ಕೆಲವು ಸೆಕೆಂಡುಗಳಲ್ಲಿ ಎಲ್ಲಿರಬಹುದೆಂದು ಊಹಿಸಿ, ಖಾಲಿ ಉಳಿಯುವ ಜಾಗದಲ್ಲಿ ದಾರಿ ಹುಡುಕುತ್ತದೆ. ಲೇನ್ ಪಾಲಿಸುವ ರಸ್ತೆಯಲ್ಲಿ ಇದು ಸುಲಭ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಬಳಿ ಹಾಗಲ್ಲ. ಗಂಟೆಗೆ 18 ಕಿ.ಮೀ. ವೇಗದ ಸ್ಕೂಟರ್ 3 ಸೆಕೆಂಡಿನಲ್ಲಿ 15 ಮೀಟರ್ ಸಾಗುತ್ತದೆ. ಅಷ್ಟರಲ್ಲಿ ಎಡಕ್ಕೆ ನುಸುಳಬಹುದು, ಬಲಕ್ಕೆ ವಾಲಬಹುದು, ಬಸ್ಸಿನ ಹಿಂದೆ ಮರೆಯಾಗಲೂಬಹುದು. ಇಂಥ ಹತ್ತಾರು ಸಾಧ್ಯತೆಗಳು ಸೇರಿದಾಗ ಕಾರಿನ ಲೆಕ್ಕದಲ್ಲಿ ಇಡೀ ರಸ್ತೆಯೇ ತುಂಬಿಹೋಗಿ, ಅದು ನಿಂತುಬಿಡುತ್ತದೆ. ಪ್ರತಿಯೊಬ್ಬರ ಚಲನೆಯನ್ನು ಬಿಡಿಬಿಡಿಯಾಗಿ ಊಹಿಸುವವರೆಗೆ, ಊಹೆ ಎಷ್ಟೇ ನಿಖರವಾದರೂ ಇದು ತಪ್ಪದೆಂದು ಪೀಟರ್ ಟ್ರಾಟ್‌ಮನ್ ಮತ್ತು ಆಂಡ್ರಿಯಾಸ್ ಕ್ರೌಸ್ 2010ರಲ್ಲಿ ತೋರಿಸಿದರು. ಮನುಷ್ಯ ಚಾಲಕ ಮೆಲ್ಲನೆ ಮುಂದೆ ಸರಿದರೆ ಸ್ಕೂಟರಿನವರು ಜಾಗ ಬಿಡುತ್ತಾರೆ. ತನ್ನ ಚಲನೆಗೆ ಇತರರು ಸ್ಪಂದಿಸುವ ಬಗೆಯನ್ನು ಕಾರೂ ಲೆಕ್ಕಹಾಕಬೇಕು. ಆದರೆ ಅದನ್ನೇ ನೆಚ್ಚಿ ಮುನ್ನುಗ್ಗಿದಾಗ ಪಾದಚಾರಿಯೊಬ್ಬರು ನಿಲ್ಲದಿದ್ದರೆ, ಬ್ರೇಕ್ ಹಿಡಿಯಲು ಸಮಯ ಉಳಿದಿರುವುದಿಲ್ಲ.