ಸ್ಕ್ರೀನ್‌ಶಾಟ್‌ನ "Today" ಯಾವ ದಿನ?

ಇಬ್ಬರು ಫ್ರೆಂಡ್ಸ್ ಜಗಳ ಆಡಿದಾಗ ಸೀನಿಯರ್ ಒಬ್ಬರು ನಡುವೆ ಕೂತು ಬಗೆಹರಿಸೋಣ ಅಂತಾರೆ. ಇಬ್ಬರೂ ನಲವತ್ತು ಸ್ಕ್ರೀನ್‌ಶಾಟ್ ಕಳಿಸ್ತಾರೆ. ಅಷ್ಟನ್ನೂ ಯಾರು ಓದ್ತಾರೆ? ಅದಕ್ಕೇ ಒಂದು ಪುಟದ ಸಾರಾಂಶ ಬೇಕು. ಒಂದು ಕಾಲ್ಪನಿಕ ಉದಾಹರಣೆ ನೋಡೋಣ.

ಗಂಗಾವತಿಯ ನಾಲ್ವರು ಗೆಳೆಯರು ಭಾನುವಾರ, 12 ಜನವರಿ 2025ಕ್ಕೆ ಹೇಮಗುಡ್ಡದ ಕೋಟೆ ನೋಡಲು ಹೊರಟರು. 'ಕ' ಟಂಟಂಗೆ 800 ರೂಪಾಯಿ ಅಡ್ವಾನ್ಸ್ ಕೊಟ್ಟ. 'ಗ' ಬರಲಿಲ್ಲ. ತನ್ನ ಪಾಲಿನ 200 ಕೊಡಲ್ಲ, "ಮೊದಲೇ ಹೇಳಿದ್ದೆ" ಅಂತಾನೆ. 'ಕ' ಹೇಳೋದು "ಕೈ ಕೊಟ್ಟ" ಅಂತ.

ಮೊದಲ ಕೆಲಸ ತಾರೀಖು ಹಚ್ಚೋದು. ವಾಟ್ಸಾಪ್ ಮೆಸೇಜಿನ ಪಕ್ಕ ಸಮಯ ಮಾತ್ರ ಇರುತ್ತೆ. ದಿನ ಮೇಲಿನ ಪಟ್ಟಿಯಲ್ಲಿರುತ್ತೆ, ಅದೂ ಎಷ್ಟೋ ಸಲ "Today" ಅಥವಾ "Yesterday". ಅದು ಸ್ಕ್ರೀನ್‌ಶಾಟ್ ತೆಗೆದ ದಿನದಿಂದ ಎಣಿಸಿದ್ದು. 'ಗ' ಕಳಿಸಿದ ಚಿತ್ರದಲ್ಲಿ "Today", 8:15 am, "ನಂಗ ಬರಾಕ ಆಗಲ್ಲ" ಅಂತಿದೆ. ಫೈಲ್ ಹೆಸರು `IMG-20250114-WA0007.jpg`. ಅದನ್ನು ನಂಬಿ 14 ಅಂತ ಬರೆದರೆ ಪ್ರವಾಸ ಮುಗಿದ ಮೇಲೆ ಹೇಳಿದಂಗಾಗುತ್ತೆ! ವಾಟ್ಸಾಪಿನಲ್ಲಿ ಬಂದ ಫೋಟೋಗೆ ಈ ಥರ ಹೊಸ ಹೆಸರು ಬೀಳುತ್ತೆ, ಮೂಲ ತಾರೀಖು ಹೋಗುತ್ತೆ. 'ಗ'ನ ಫೋನಿನಲ್ಲಿ ಮೂಲ ಫೈಲ್ ತೆಗೆಸಿದಾಗ ಹೆಸರು `Screenshot_20250111` ಅಂತ ಶುರುವಾಗಿತ್ತು. ಅಂದ್ರೆ ಶನಿವಾರ, 11. ಮೂಲ ಫೈಲ್ ಸಿಗದಿದ್ದರೆ ಚಾಟನ್ನೇ ತೆರೆದು ನೋಡಬೇಕು. ಈಗ ಅಲ್ಲಿ ಪೂರ್ತಿ ತಾರೀಖು ಕಾಣುತ್ತೆ. ಅದೂ ಇಲ್ಲಾಂದ್ರೆ "ತಾರೀಖು ಖಚಿತವಿಲ್ಲ" ಅಂತಲೇ ಬರೀಬೇಕು.

ಎರಡನೇದು ಪದಗಳು. ಕಂಡದ್ದನ್ನಷ್ಟೇ ಬರೀರಿ, ಮನಸ್ಸಿನಲ್ಲಿದ್ದದ್ದನ್ನು ಊಹಿಸಬೇಡಿ. "ಬೇಕಂತ ಉತ್ತರ ಕೊಡಲಿಲ್ಲ" ಅನ್ನೋ ಬದಲು "ಚಾಟಿನಲ್ಲಿ ಉತ್ತರ ಕಾಣುತ್ತಿಲ್ಲ" ಅನ್ನಿ. ಫೋನ್ ಮಾಡಿರಬಹುದು, ಅದು ಚಾಟಿನಲ್ಲಿ ಸಿಗಲ್ಲ. ನೋವು ಮಾಡಿದ ಮಾತನ್ನು ಮೆತ್ತಗೆ ಮಾಡದೆ, ಇದ್ದಂಗೇ ಉದ್ಧರಣ ಚಿಹ್ನೆಯಲ್ಲಿಡಿ. ಆಗ ಸಾರಾಂಶ ಹೀಗಾಗುತ್ತೆ:

9 ಜನವರಿ, ರಾತ್ರಿ 9:40: ಕ: "ಟಂಟಂ ಬುಕ್ ಮಾಡ್ಲಾ?" ಗ: "ಹ್ಞೂ ಮಾಡು".
10 ಜನವರಿ, ಸಂಜೆ 7:05: 800 ಕೊಟ್ಟಿದ್ದೇನೆಂದು ಕ ಗ್ರೂಪಿನಲ್ಲಿ ತಿಳಿಸಿದ.
11 ಜನವರಿ, ಬೆಳಗ್ಗೆ 8:15: ಗ: "ನಂಗ ಬರಾಕ ಆಗಲ್ಲ".
12 ಜನವರಿ, ರಾತ್ರಿ 8:30: ಗ್ರೂಪಿನಲ್ಲಿ ಕ: "ನಿನ್ನ ಮ್ಯಾಲ ನಂಬಿಕಿಲ್ಲ". ಬಳಿಕ ಗ ಗ್ರೂಪ್ ಬಿಟ್ಟ.

ಈಗ ಇಬ್ಬರ ಮಾತೂ ಅರ್ಧರ್ಧ ನಿಜ ಅಂತ ಕಾಣುತ್ತೆ. 'ಗ' ಒಂದು ದಿನ ಮೊದಲೇ ಹೇಳಿದ್ದ, ಆದರೆ ದುಡ್ಡು ಅದಕ್ಕೂ ಮೊದಲೇ ಹೋಗಿತ್ತು. ತಪ್ಪು ಯಾರದು ಅಂತ ಸಾರಾಂಶದಲ್ಲಿ ಬರೀಬಾರದು.

ಸೀನಿಯರ್‌ಗೆ ಕೊಡುವ ಮುಂಚೆ ಇಬ್ಬರಿಗೂ ಒಂದೇ ಪ್ರತಿ ತೋರಿಸಿ. ಒಂದು ಸಾಲನ್ನು ಒಬ್ಬರು ಒಪ್ಪದಿದ್ದರೆ ಅಳಿಸಬೇಡಿ. ಅದರ ಕೆಳಗೆ "ಗ ಒಪ್ಪುವುದಿಲ್ಲ, ಕಾರಣ ಹೀಗೆ" ಅಂತ ಸೇರಿಸಿ. ಮಾತುಕತೆ ಶುರುವಾಗಬೇಕಾದ್ದು ಆ ಸಾಲಿಂದಲೇ.