ಕೈತಪ್ಪಿದ ಪಾವತಿಗೆ ರಾತ್ರಿಯ ತಾಳೆ

ಆನ್‌ಲೈನ್ ಪುಸ್ತಕದಂಗಡಿಯಲ್ಲಿ 450 ರೂಪಾಯಿಯ ಪುಸ್ತಕ ಆರ್ಡರ್ ಮಾಡಿ ಯುಪಿಐ ಮೂಲಕ ಹಣ ಕಟ್ಟಿದ್ದೀರಿ. ಖಾತೆಯಿಂದ ಹಣ ಕಡಿತವಾಗಿದೆ, ಅಂಗಡಿಯ ಪುಟ ಮಾತ್ರ ‘ಪಾವತಿ ಬಾಕಿ’ ಎನ್ನುತ್ತಿದೆ. ಎಷ್ಟೋ ಸಲ ಹಣ ಸರಿಯಾಗಿಯೇ ತಲುಪಿರುತ್ತದೆ. ತಲುಪಿತೆಂಬ ಸುದ್ದಿ ಅಂಗಡಿಯ ದಾಖಲೆ ಸೇರಿರುವುದಿಲ್ಲ.

ಆ ಸುದ್ದಿ ತರುವುದು ವೆಬ್‌ಹುಕ್. ಪಾವತಿ ಮುಗಿದ ಕೂಡಲೇ ಪೇಮೆಂಟ್ ಗೇಟ್‌ವೇ ತಾನಾಗಿಯೇ ಅಂಗಡಿಯ ಸರ್ವರ್‌ಗೆ ಸಂದೇಶ ಕಳಿಸುತ್ತದೆ. ರೇಜರ್‌ಪೇಯಲ್ಲಿ ಇದಕ್ಕೆ `payment.captured` ಎಂದು ಹೆಸರು. ಸರ್ವರ್ `200` ಎಂದು ಉತ್ತರಿಸಿದರೆ ತಲುಪಿತು ಎಂದು ಲೆಕ್ಕ. ಉತ್ತರ ಬಾರದಿದ್ದರೆ ರೇಜರ್‌ಪೇ 24 ಗಂಟೆಗಳವರೆಗೆ, ಸ್ಟ್ರೈಪ್ 3 ದಿನಗಳವರೆಗೆ ಮತ್ತೆ ಮತ್ತೆ ಕಳಿಸಿ ನೋಡುತ್ತವೆ.

ಇಷ್ಟಾದರೂ ಸುದ್ದಿ ತಪ್ಪುವುದು ಹೇಗೆ? ರಾತ್ರಿ 11:20ಕ್ಕೆ ಸಂದೇಶ ಬಂತೆನ್ನಿ. ಸರ್ವರ್ `200` ಎಂದಿತು, ಡೇಟಾಬೇಸ್‌ಗೆ ಬರೆಯುವ ಮೊದಲೇ ರೀಸ್ಟಾರ್ಟ್ ಆಯಿತು. ಗೇಟ್‌ವೇ ಪಾಲಿಗೆ ಕೆಲಸ ಮುಗಿದಿದೆ, ಅದು ಮತ್ತೆ ಕಳಿಸುವುದಿಲ್ಲ. ಆರ್ಡರ್ ಮಾತ್ರ ಬಾಕಿಯಲ್ಲೇ ಉಳಿಯಿತು.

ಅದಕ್ಕೇ ರಾತ್ರಿಯ ಸಿಂಕ್ ಬೇಕು. ನಸುಕಿನ 2:30ಕ್ಕೆ ಪುಟ್ಟ ಪ್ರೋಗ್ರಾಂ ಒಂದು ಗೇಟ್‌ವೇಯಿಂದ ಪಾವತಿಗಳ ಪಟ್ಟಿ ತರಿಸಿಕೊಂಡು ಅಂಗಡಿಯ ದಾಖಲೆಯೊಂದಿಗೆ ತಾಳೆ ನೋಡುತ್ತದೆ. ಅಲ್ಲಿ `captured`, ಇಲ್ಲಿ ಬಾಕಿ ಎಂದಿದ್ದರೆ ಆರ್ಡರನ್ನು ಸರಿಪಡಿಸುತ್ತದೆ.

ನಿನ್ನೆಯ ಪಟ್ಟಿಯೊಂದನ್ನೇ ತರಿಸಿದರೆ ಸಾಲದು. ರೇಜರ್‌ಪೇ ಪಟ್ಟಿ ಸೋಸುವುದು ಪಾವತಿ ಶುರುವಾದ ಸಮಯದ ಮೇಲೆ. ಬ್ಯಾಂಕಿನ ಒಪ್ಪಿಗೆ ಒಂದೆರಡು ದಿನ ತಡವಾಗಿ ಬರುವುದೂ ಉಂಟು. ಸೋಮವಾರ ವಿಫಲವೆಂದಿದ್ದ ಪಾವತಿ ಬುಧವಾರ ಯಶಸ್ವಿಯಾಗಿರಬಹುದು. ಆದ್ದರಿಂದ ಪ್ರತಿ ರಾತ್ರಿಯೂ ಹಿಂದಿನ ಐದು ದಿನಗಳನ್ನು ಮತ್ತೆ ನೋಡುವುದು ಕ್ಷೇಮ. ತಿಂಗಳ ಹಿಂದಿನ ಖರೀದಿಗೆ ಇಂದು ರಿಫಂಡ್ ಆದರೆ ಆ ಪಾವತಿ ಈ ಐದು ದಿನಗಳೊಳಗೆ ಸಿಗುವುದಿಲ್ಲ. ರಿಫಂಡ್‌ಗಳ ಪಟ್ಟಿಯನ್ನು ಬೇರೆಯಾಗಿಯೇ ತರಿಸಬೇಕು.

ಹೀಗೆ ಒಂದೇ ಪಾವತಿ ಹಲವು ಸಲ ಕಣ್ಣಿಗೆ ಬೀಳುತ್ತದೆ. ವೆಬ್‌ಹುಕ್ ಕೂಡ ಎರಡೆರಡು ಸಲ ಬರಬಹುದು. ಒಂದು ಪಾವತಿಗೆ ಎರಡು ಪುಸ್ತಕ ಹೊರಡಬಾರದೆಂದರೆ ಪಾವತಿಯ ಐಡಿಯನ್ನು ಡೇಟಾಬೇಸ್‌ನಲ್ಲಿ ಒಮ್ಮೆ ಮಾತ್ರ ಬರೆಯಲು ಬಿಡಬೇಕು. ವೆಬ್‌ಹುಕ್, ಸಿಂಕ್ ಎರಡೂ ಅದೇ ಒಂದು ಕೋಡ್ ಮೂಲಕವೇ ಆರ್ಡರ್ ಬದಲಿಸಬೇಕು.

ಸಿಂಕ್ ಸದ್ದಿಲ್ಲದೆ ಎಲ್ಲವನ್ನೂ ಸರಿಪಡಿಸುತ್ತಾ ಹೋದರೂ ಅಪಾಯವೇ. ವೆಬ್‌ಹುಕ್ ಪೂರ್ತಿ ಕೆಟ್ಟು ನಿಂತದ್ದೂ ಗೊತ್ತಾಗುವುದಿಲ್ಲ. ಎಷ್ಟು ನೋಡಿದೆ, ಎಷ್ಟು ಸರಿಪಡಿಸಿದೆ ಎಂದು ಅದು ಪ್ರತಿ ರಾತ್ರಿ ಬರೆದಿಡಬೇಕು. ದಿನವೂ ಸೊನ್ನೆ ಇರುತ್ತಿದ್ದ ತಿದ್ದುಪಡಿ ಒಂದು ರಾತ್ರಿ ನಲವತ್ತಾದರೆ ವೆಬ್‌ಹುಕ್ ಕೆಟ್ಟಿದೆ. ‘ನೋಡಿದ್ದು’ ಎಂಬಲ್ಲಿಯೇ ಸೊನ್ನೆ ಬಂದರೆ ಕೆಟ್ಟಿರುವುದು ಬಹುಶಃ ಸಿಂಕ್.